ಒಂದೇ ರೋಗಿ, ಎರಡು ಇಸಿಜಿ: ಒಂದರಲ್ಲಿ ಮಿಡಿತ 71, ಇನ್ನೊಂದರಲ್ಲಿ 37. ಚೌಕ ಎಣಿಸಿದ್ದು ಎಲ್ಲಿ ತಪ್ಪಿತು?

ನೇತ್ರಾವತಿ_ಜಿಎನ್‌ಎಂ

ಎಲ್ಲರಿಗೂ ನಮಸ್ಕಾರ. ನಾನು ನರ್ಸಿಂಗ್ ಮೂರನೆಯ ವರ್ಷದ ವಿದ್ಯಾರ್ಥಿನಿ. ಈಗ ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ನನ್ನ ಪೋಸ್ಟಿಂಗ್ ನಡೆಯುತ್ತಿದೆ. ಇಸಿಜಿ ಹಾಳೆಯ ಚೌಕಗಳನ್ನು ಎಣಿಸಿ ಅಳೆಯುವುದನ್ನು ಕಲಿಯಲು ತೊಡಗಿ ಎರಡು ವಾರವಾಗಿದೆ. ಅಡ್ಡಲಾಗಿ ಒಂದು ಸಣ್ಣ ಚೌಕವೆಂದರೆ 0.04 ಸೆಕೆಂಡು, ಐದು ಸಣ್ಣ ಚೌಕ ಸೇರಿ ಒಂದು ದೊಡ್ಡ ಚೌಕ, ಅಂದರೆ 0.20 ಸೆಕೆಂಡು ಎಂದು ನಮಗೆ ಹೇಳಿಕೊಟ್ಟಿದ್ದಾರೆ.

ನಿನ್ನೆ ಸಂಜೆ 58 ವರ್ಷದ ಒಬ್ಬ ಅಮ್ಮ ಎದೆ ಬಿಗಿತವೆಂದು ದಾಖಲಾದರು. ಆಗ ತೆಗೆದ ಇಸಿಜಿಯಲ್ಲಿ ಒಂದು ಆರ್ ತುದಿಯಿಂದ ಮುಂದಿನ ಆರ್ ತುದಿಗೆ 21 ಸಣ್ಣ ಚೌಕಗಳಿದ್ದವು. 1500ನ್ನು 21ರಿಂದ ಭಾಗಿಸಿದಾಗ ಮಿಡಿತ 71 ಎಂದು ಬಂತು. ಪಿಆರ್ ಅಂತರ 4 ಚೌಕ, ಕ್ಯುಆರ್‌ಎಸ್ 2 ಚೌಕ, ಕ್ಯುಟಿ ಒಂಬತ್ತೂವರೆ ಚೌಕ ಇದ್ದವು. ಇಂದು ಬೆಳಿಗ್ಗೆ ಅದೇ ಅಮ್ಮನಿಗೆ ಪಕ್ಕದ ವಾರ್ಡಿನಿಂದ ತಂದ ಮೂರು ಚಾನೆಲಿನ ಯಂತ್ರದಲ್ಲಿ ಮತ್ತೊಂದು ಇಸಿಜಿ ತೆಗೆದರು. ಅದರಲ್ಲಿ ಆರ್‌ನಿಂದ ಆರ್‌ಗೆ 40 ಚೌಕ, ಪಿಆರ್ 8, ಕ್ಯುಆರ್‌ಎಸ್ 4, ಕ್ಯುಟಿ 19 ಚೌಕಗಳಿವೆ. ನನ್ನ ಲೆಕ್ಕದಂತೆ ಮಿಡಿತ 37, ಪಿಆರ್ 0.32 ಸೆಕೆಂಡು, ಕ್ಯುಆರ್‌ಎಸ್ 0.16 ಸೆಕೆಂಡು ಆಗುತ್ತದೆ. ಇದರ ಜೊತೆಗೆ ವಿ5 ಲೀಡಿನಲ್ಲಿ ನಿನ್ನೆ 24 ಚೌಕ ಎತ್ತರವಿದ್ದ ಆರ್ ಅಲೆ ಇಂದು 12 ಚೌಕಕ್ಕೆ ಇಳಿದಿದೆ. ಅಮ್ಮ ಮಾತ್ರ ಆರಾಮವಾಗಿ ಕುಳಿತು ಕಾಫಿ ಕುಡಿಯುತ್ತಿದ್ದಾರೆ. ಮೂರು ಸಲ ಎಣಿಸಿದರೂ ಅದೇ ಸಂಖ್ಯೆ ಬರುತ್ತಿದೆ. ನಾನು ಎಲ್ಲಿ ತಪ್ಪಿದ್ದೇನೆ ಎಂದು ದಯವಿಟ್ಟು ತಿಳಿಸಿರಿ.

ಶರಾವತಿ_ಆಂಬುಲೆನ್ಸ್

ನಿಮ್ಮ ಎಣಿಕೆಯಲ್ಲಿ ತಪ್ಪೇನೂ ಇಲ್ಲ ತಂಗಿ. 40 ಸಣ್ಣ ಚೌಕವೆಂದರೆ 8 ದೊಡ್ಡ ಚೌಕ. 300ನ್ನು 8ರಿಂದ ಭಾಗಿಸಿದರೆ 37 ಚಿಲ್ಲರೆ ಬರುತ್ತದೆ. ಇಸಿಜಿ ಹಾಳೆಯ ಚೌಕ ಎಲ್ಲಿ ಹೋದರೂ 0.04 ಸೆಕೆಂಡೇ ಆಗಿರುತ್ತದೆ. ಆದ್ದರಿಂದ ರಾತ್ರಿಯಲ್ಲಿ ಏನೋ ಬದಲಾಗಿದೆ ಎಂದೇ ಅರ್ಥ. ಪಿಆರ್ 0.20 ಮೀರಿದೆ, ಕ್ಯುಆರ್‌ಎಸ್ 0.12 ಮೀರಿದೆ, ಮಿಡಿತ 40ಕ್ಕಿಂತ ಕಡಿಮೆ ಇದೆ. ಇದು ಹೃದಯದೊಳಗಿನ ವಿದ್ಯುತ್ ದಾರಿಯಲ್ಲಿ ತಡೆ ಉಂಟಾಗಿರುವ ಲಕ್ಷಣ. ಇಲ್ಲಿ ಉತ್ತರಕ್ಕಾಗಿ ಕಾಯದೆ ಮೊದಲು ಡ್ಯೂಟಿ ಡಾಕ್ಟರಿಗೆ ತಿಳಿಸಿರಿ.

ಇಸಿಜಿ_ಕೋಣೆ

ನೇತ್ರಾವತಿಯವರೇ, ಡಾಕ್ಟರಿಗೆ ತಿಳಿಸಬೇಕು ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ತಿಳಿಸುವ ಮೊದಲು ಒಂದೆರಡು ನಿಮಿಷದಲ್ಲಿ ಮುಗಿಯುವ ಮೂರು ಕೆಲಸಗಳಿವೆ. ನಾನು ಇಪ್ಪತ್ತೆರಡು ವರ್ಷಗಳಿಂದ ಇಸಿಜಿ ತಂತ್ರಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ನೀವು ಕೊಟ್ಟ ಸಂಖ್ಯೆಗಳನ್ನು ನೋಡಿದ ಕೂಡಲೇ ನನ್ನ ಗಮನ ರೋಗಿಯ ಕಡೆಗಿಂತ ಯಂತ್ರದ ಕಡೆಗೆ ಹೋಯಿತು.

ಮೊದಲನೆಯದಾಗಿ, ಅಮ್ಮನ ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿರಿ. ಎರಡನೆಯದಾಗಿ, ಎರಡೂ ಹಾಳೆಗಳ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಸಾಲನ್ನು ಓದಿರಿ. ಅದರಲ್ಲಿ `25 mm/s` ಎಂದಿದೆಯೋ `50 mm/s` ಎಂದಿದೆಯೋ, ಅದರ ಪಕ್ಕದಲ್ಲಿ `10 mm/mV` ಎಂದಿದೆಯೋ ಬೇರೇನಾದರೂ ಇದೆಯೋ ಎಂಬುದನ್ನು ಇಲ್ಲಿ ಬರೆಯಿರಿ. ಮೂರನೆಯದಾಗಿ, ಹಾಳೆಯ ಆರಂಭದಲ್ಲಿ ಯಂತ್ರವೇ ಬರೆಯುವ ಬಾಗಿಲ ಚೌಕಟ್ಟಿನಂಥ ಕ್ಯಾಲಿಬ್ರೇಷನ್ ಗುರುತು ಎಷ್ಟು ಚೌಕ ಎತ್ತರ ಮತ್ತು ಎಷ್ಟು ಚೌಕ ಅಗಲ ಇದೆ ಎಂಬುದನ್ನು ಎಣಿಸಿರಿ.

ಇದನ್ನೆಲ್ಲ ಏಕೆ ಕೇಳುತ್ತಿದ್ದೇನೆ ಎಂದರೆ, ಚೌಕದ ಮೇಲೆ ಸಮಯವನ್ನು ಯಾರೂ ಅಚ್ಚು ಹಾಕಿರುವುದಿಲ್ಲ. ಹಾಳೆಯಲ್ಲಿ ಇರುವುದು ಒಂದು ಮಿಲಿಮೀಟರಿನ ಚೌಕ ಮಾತ್ರ. ಹಾಳೆಯು ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಓಡಿದಾಗ ಆ ಒಂದು ಮಿಲಿಮೀಟರ್ ದಾಟಲು 0.04 ಸೆಕೆಂಡು ಹಿಡಿಯುತ್ತದೆ. ಅದೇ ಹಾಳೆ ಸೆಕೆಂಡಿಗೆ 50 ಮಿಲಿಮೀಟರ್ ಓಡಿದರೆ ಅದೇ ಚೌಕ 0.02 ಸೆಕೆಂಡು ಆಗುತ್ತದೆ. ನಿಮಗೆ ಹೇಳಿಕೊಟ್ಟ 1500 ಮತ್ತು 300 ಎಂಬ ಸಂಖ್ಯೆಗಳು ಹುಟ್ಟಿದ್ದೂ ಅಲ್ಲಿಂದಲೇ: 25ರ ವೇಗದಲ್ಲಿ ಒಂದು ನಿಮಿಷಕ್ಕೆ 1500 ಸಣ್ಣ ಚೌಕಗಳು, ಅಂದರೆ 300 ದೊಡ್ಡ ಚೌಕಗಳು ಓಡುತ್ತವೆ. ವೇಗ ಬದಲಾದರೆ ಆ ಎರಡೂ ಸಂಖ್ಯೆಗಳು ಬದಲಾಗಲೇಬೇಕು.

ನೇತ್ರಾವತಿ_ಜಿಎನ್‌ಎಂ

ಮೇಡಂ, ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿದೆ, 76 ಬಂತು. ನಾನು ಇದನ್ನು ಮೊದಲೇ ಮಾಡಬೇಕಾಗಿತ್ತು.

ಅಂಚಿನ ಸಾಲು ನನಗೆ ಸಿಗಲೇ ಇಲ್ಲ. ನಮ್ಮಲ್ಲಿ ಸುರುಳಿ ಕಾಗದದ ಇಸಿಜಿಯನ್ನು ಲೀಡುಗಳ ಪ್ರಕಾರ ಕತ್ತರಿಸಿ ಕೇಸ್ ಶೀಟಿಗೆ ಅಂಟಿಸುತ್ತಾರೆ. ಅಂಟಿಸುವಾಗ ಜಾಗ ಸಾಲದೆ ಮೇಲಿನ ಅಂಚನ್ನೂ ಎಡತುದಿಯನ್ನೂ ಕತ್ತರಿಸಿ ತೆಗೆದಿದ್ದರು. ಡ್ರೆಸಿಂಗ್ ಟ್ರಾಲಿಯ ಕೆಳಗಿನ ತಟ್ಟೆಯಲ್ಲಿ ಹುಡುಕಿದಾಗ ಸುರುಳಿ ಸುತ್ತಿಕೊಂಡಿದ್ದ ಆ ತುಂಡುಗಳು ಸಿಕ್ಕವು. ಬೆಳಗಿನ ತುಂಡಿನ ಮೇಲೆ `50 mm/s` ಮತ್ತು `10/5 mm/mV` ಎಂದು ಅಚ್ಚಾಗಿದೆ. ಕ್ಯಾಲಿಬ್ರೇಷನ್ ಗುರುತು ಒಟ್ಟು 10 ಸಣ್ಣ ಚೌಕ ಅಗಲವಿದ್ದು ಮೆಟ್ಟಿಲಿನಂತೆ ಕಾಣುತ್ತದೆ: ಒಂದು ಭಾಗ 10 ಚೌಕ ಎತ್ತರ, ಇನ್ನೊಂದು ಭಾಗ 5 ಚೌಕ ಎತ್ತರ. ನಿನ್ನೆ ಸಂಜೆಯ ಹಾಳೆಯಲ್ಲಿ `25 mm/s 10 mm/mV` ಎಂದಿದೆ. ಅದರ ಗುರುತು 10 ಚೌಕ ಎತ್ತರ, 5 ಚೌಕ ಅಗಲ ಇದ್ದು ಮೆಟ್ಟಿಲಿಲ್ಲದೆ ನೇರವಾಗಿದೆ. ಡ್ಯೂಟಿ ಡಾಕ್ಟರಿಗೆ ಎರಡೂ ಹಾಳೆಗಳನ್ನು ತೋರಿಸಿದ್ದೇನೆ. ಇಸಿಜಿಯನ್ನು ಮತ್ತೆ ತೆಗೆಯಲು ಹೇಳಿದ್ದಾರೆ.

ಇಸಿಜಿ_ಕೋಣೆ

ನಿಮ್ಮ ಎಣಿಕೆ ಸರಿಯಾಗಿಯೇ ಇತ್ತು. ಚೌಕಕ್ಕೆ ಕೊಟ್ಟ ಬೆಲೆ ಮಾತ್ರ ತಪ್ಪಾಗಿತ್ತು. ಈಗ ಬೆಳಗಿನ ಹಾಳೆಯ ಪ್ರತಿ ಸಣ್ಣ ಚೌಕಕ್ಕೆ 0.02 ಸೆಕೆಂಡು ಎಂದು ಇಟ್ಟುಕೊಂಡು ಲೆಕ್ಕವನ್ನು ಮತ್ತೆ ಮಾಡೋಣ.

ಆರ್‌ನಿಂದ ಆರ್‌ಗೆ 40 ಚೌಕವೆಂದರೆ 0.80 ಸೆಕೆಂಡು. ಒಂದು ನಿಮಿಷದಲ್ಲಿರುವ 60 ಸೆಕೆಂಡುಗಳನ್ನು ಅದರಿಂದ ಭಾಗಿಸಿದರೆ 75 ಬರುತ್ತದೆ, ಮಣಿಕಟ್ಟಿನಲ್ಲಿ ನೀವು ಎಣಿಸಿದ 76ಕ್ಕೆ ಅದು ಹೊಂದುತ್ತದೆ. ಪಿಆರ್ 8 ಚೌಕವೆಂದರೆ 0.16 ಸೆಕೆಂಡು, ಕ್ಯುಆರ್‌ಎಸ್ 4 ಚೌಕವೆಂದರೆ 0.08 ಸೆಕೆಂಡು, ಕ್ಯುಟಿ 19 ಚೌಕವೆಂದರೆ 0.38 ಸೆಕೆಂಡು. ಸಂಜೆಯ ಹಾಳೆಯಲ್ಲಿ ಪಿಆರ್ 4 ಚೌಕ, ಅಂದರೆ 0.16, ಕ್ಯುಆರ್‌ಎಸ್ 2 ಚೌಕ, ಅಂದರೆ 0.08, ಕ್ಯುಟಿ ಒಂಬತ್ತೂವರೆ ಚೌಕ, ಅಂದರೆ 0.38. ಎರಡೂ ಹಾಳೆಗಳು ಒಂದೇ ಮಾತನ್ನು ಹೇಳುತ್ತಿವೆ.

ಕ್ಯಾಲಿಬ್ರೇಷನ್ ಗುರುತನ್ನು ಓದುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದರ ಎತ್ತರವನ್ನು ನೋಡುವವರಲ್ಲಿ ಹೆಚ್ಚಿನವರು ಅಗಲವನ್ನು ನೋಡುವುದಿಲ್ಲ. ಯಂತ್ರವು ತನ್ನೊಳಗೇ ಒಂದು ಮಿಲಿವೋಲ್ಟಿನ ಸಂಕೇತವನ್ನು ಹುಟ್ಟಿಸಿ, ರೋಗಿಯಿಂದ ಬರುವ ಸಂಕೇತವನ್ನು ಬರೆಯುವ ರೀತಿಯಲ್ಲಿಯೇ ಅದನ್ನೂ ಬರೆಯುತ್ತದೆ. ಅದು 10 ಚೌಕ ಎತ್ತರಕ್ಕೆ ಏರಿದರೆ ಪ್ರತಿ ಸಣ್ಣ ಚೌಕದ ಎತ್ತರ 0.1 ಮಿಲಿವೋಲ್ಟ್ ಎಂದು ಗೊತ್ತಾಗುತ್ತದೆ. ಈಗಿನ ಬಹುತೇಕ ಯಂತ್ರಗಳಲ್ಲಿ ಈ ಸಂಕೇತ 0.20 ಸೆಕೆಂಡು ನಿಲ್ಲುತ್ತದೆ. ಆದ್ದರಿಂದ 25ರ ವೇಗದಲ್ಲಿ ಅದು 5 ಚೌಕ ಅಗಲ, ಅಂದರೆ ಸರಿಯಾಗಿ ಒಂದು ದೊಡ್ಡ ಚೌಕದಷ್ಟು ಇರುತ್ತದೆ ಮತ್ತು ನೆಟ್ಟಗೆ ನಿಂತ ಬಾಗಿಲಿನಂತೆ ಕಾಣುತ್ತದೆ. 50ರ ವೇಗದಲ್ಲಿ ಅದೇ ಗುರುತು 10 ಚೌಕ ಅಗಲಕ್ಕೆ ಚಾಚಿಕೊಂಡು ಕಿಟಕಿಯಂತಾಗುತ್ತದೆ. ಅಂಚಿನ ಸಾಲು ಕತ್ತರಿಗೆ ಸಿಕ್ಕರೂ ಈ ಗುರುತು ಉಳಿದಿದ್ದರೆ ವೇಗವನ್ನು ಕಂಡುಹಿಡಿಯಬಹುದು. ಅದಕ್ಕಾಗಿಯೇ ಕೇಸ್ ಶೀಟಿಗೆ ಅಂಟಿಸುವಾಗ ಆ ಗುರುತನ್ನು ಕತ್ತರಿಸಬೇಡಿರಿ ಎಂದು ನಾನು ಪ್ರತಿ ತಂಡದ ವಿದ್ಯಾರ್ಥಿಗಳಿಗೂ ಕೈಮುಗಿದು ಹೇಳುತ್ತಿರುತ್ತೇನೆ.

ಇನ್ನು ವಿ5ರ ವಿಚಾರ. ಮೆಟ್ಟಿಲಿನಂಥ ಗುರುತು ಮತ್ತು `10/5` ಎಂಬ ಬರಹ ಸೂಚಿಸುವುದೇನೆಂದರೆ, ಕೈಕಾಲಿನ ಲೀಡುಗಳನ್ನು ಪೂರ್ಣ ಎತ್ತರದಲ್ಲಿಯೂ ಎದೆಯ ಲೀಡುಗಳನ್ನು ಅರ್ಧ ಎತ್ತರದಲ್ಲಿಯೂ ಯಂತ್ರ ಬರೆದಿದೆ. ಎದೆಯ ಅಲೆಗಳು ಬಹಳ ಎತ್ತರವಾಗಿದ್ದು ಒಂದರ ಮೇಲೊಂದು ಬೀಳುವಂತಿದ್ದರೆ ಹೀಗೆ ಮಾಡುವುದುಂಟು. ನಿನ್ನೆ 24 ಚೌಕವೆಂದರೆ 2.4 ಮಿಲಿವೋಲ್ಟ್. ಇಂದು 12 ಚೌಕ ಕಂಡರೂ ಪ್ರತಿ ಚೌಕ 0.2 ಮಿಲಿವೋಲ್ಟ್ ಆಗಿರುವುದರಿಂದ ಅದು ಕೂಡ 2.4 ಮಿಲಿವೋಲ್ಟೇ. ಎಸ್‌ಟಿ ಭಾಗ ಎಷ್ಟು ಮಿಲಿಮೀಟರ್ ಮೇಲೆದ್ದಿದೆ ಎಂದು ನೋಡುವಾಗ ಇದು ಮುಖ್ಯವಾಗುತ್ತದೆ, ಏಕೆಂದರೆ ಅರ್ಧ ಎತ್ತರದ ಬರಹದಲ್ಲಿ 2 ಮಿಲಿಮೀಟರಿನ ಏರಿಕೆ 1 ಮಿಲಿಮೀಟರ್ ಆಗಿ ಕಾಣುತ್ತದೆ. ಎದೆ ಬಿಗಿತವೆಂದು ಬಂದ ರೋಗಿಯಲ್ಲಿ ಅದನ್ನು ಗಮನಿಸದೆ ಬಿಡುವಂತಿಲ್ಲ.

ಶರಾವತಿ_ಆಂಬುಲೆನ್ಸ್

ಚೌಕ ಎಲ್ಲಿ ಹೋದರೂ 0.04 ಎಂದು ನಾನು ಬರೆದದ್ದು ತಪ್ಪು, ಅದನ್ನು ಒಪ್ಪಿಕೊಳ್ಳುತ್ತೇನೆ. ನಮ್ಮ ವಾಹನದ ಮಾನಿಟರ್ ಯಾವಾಗಲೂ 25ರಲ್ಲಿಯೇ ಮುದ್ರಿಸುತ್ತದೆ, 50ರ ಹಾಳೆಯನ್ನು ನಾನು ಇದುವರೆಗೆ ಕಂಡಿರಲಿಲ್ಲ. ಆದರೂ ಒಂದು ಮಾತಿನಲ್ಲಿ ನಾನು ಹಿಂದೆ ಸರಿಯುವುದಿಲ್ಲ. ಅಂಚಿನ ಸಾಲನ್ನು ಹುಡುಕಿ, ಗುರುತಿನ ಅಗಲವನ್ನು ಎಣಿಸಿ, ಆಮೇಲೆ ಡಾಕ್ಟರಿಗೆ ತಿಳಿಸುವುದು ಎಂಬ ಕ್ರಮ ಅಪಾಯಕಾರಿ. 37 ಎಂಬುದು ನಿಜವೇ ಆಗಿದ್ದರೆ ಆ ಹತ್ತು ನಿಮಿಷ ದುಬಾರಿಯಾಗುತ್ತಿತ್ತು.

ಇಸಿಜಿ_ಕೋಣೆ

ಹತ್ತು ನಿಮಿಷ ಕಾಯಿರಿ ಎಂದು ನಾನು ಹೇಳಲಿಲ್ಲ ಸರ್. ನಾಡಿ ನೋಡುವ ಕೆಲಸವನ್ನು ಮೊದಲು ಇಟ್ಟದ್ದೇ ಆ ಕಾರಣಕ್ಕೆ. ಕೈಗೆ 76 ಸಿಕ್ಕಿ ಹಾಳೆ 37 ಎನ್ನುತ್ತಿದ್ದರೆ ಹಾಳೆಯನ್ನು ಅನುಮಾನಿಸಬೇಕು. ಆದರೆ ಅಷ್ಟಕ್ಕೇ ನಿಶ್ಚಿಂತರಾಗುವಂತೆಯೂ ಇಲ್ಲ, ಹಾಳೆ ತೆಗೆದ ಗಳಿಗೆಯಲ್ಲಿ ನಿಧಾನವಾಗಿದ್ದ ಮಿಡಿತ ಆಮೇಲೆ ಸರಿಹೋಗಿರಬಹುದು. ಆದ್ದರಿಂದ ನಾಡಿ ನೋಡುವುದು, ತಿಳಿಸುವುದು, ಮತ್ತೆ ತೆಗೆಯುವುದು ಮೂರೂ ಒಟ್ಟಿಗೆ ನಡೆಯಬೇಕು.

ತಂದೆಯ_ವರದಿ

ನಮಸ್ಕಾರ, ಈ ಚರ್ಚೆಯನ್ನು ಓದಿ ನನ್ನ ತಂದೆಯವರ ಇಸಿಜಿಯನ್ನೂ ಅಳೆದು ನೋಡಿದೆ. ವರದಿಯಲ್ಲಿ `PR 168 ms` ಎಂದು ಅಚ್ಚಾಗಿದೆ. ನನ್ನ ಬಳಿ ಇರುವ ಜೆರಾಕ್ಸ್ ಪ್ರತಿಯ ಮೇಲೆ ಸ್ಕೇಲ್ ಇಟ್ಟು ಅಳೆದಾಗ ಮೂರೂವರೆ ಮಿಲಿಮೀಟರ್ ಮಾತ್ರ ಬಂತು, ಅಂದರೆ 140 ಮಿಲಿಸೆಕೆಂಡು. ಅಂಚಿನಲ್ಲಿ `25 mm/s` ಎಂದೇ ಇದೆ. ಹಾಗಾದರೆ ಯಂತ್ರ ಸುಳ್ಳು ಹೇಳುತ್ತಿದೆಯೇ? ತಂದೆಯವರಿಗೆ ರಕ್ತದೊತ್ತಡದ ಮಾತ್ರೆಯನ್ನು ಬದಲಾಯಿಸಿದ್ದಾರೆ, ಅದರಿಂದಲೇ ಹೀಗಾಗಿರಬಹುದೇ?

ಬಯೋಮೆಡಿಕಲ್_ಧಾರವಾಡ

ಮಾತ್ರೆಯ ವಿಷಯವನ್ನು ನಿಮ್ಮ ಡಾಕ್ಟರರ ಬಳಿಯೇ ಕೇಳಿರಿ. ಅಳತೆಯ ವಿಷಯದಲ್ಲಿ ಮಾತ್ರ ನಾನು ಸಹಾಯ ಮಾಡಬಲ್ಲೆ, ಇಂಥ ಯಂತ್ರಗಳ ರಿಪೇರಿಯೇ ನನ್ನ ವೃತ್ತಿ.

ನೀವು ಅಳೆದದ್ದು ಸ್ಕೇಲಿನ ಮಿಲಿಮೀಟರನ್ನು, ಹಾಳೆಯ ಚೌಕವನ್ನಲ್ಲ. ಜೆರಾಕ್ಸ್ ಮಾಡುವಾಗ ಉದ್ದನೆಯ ಹಾಳೆಯನ್ನು ಎ4ಗೆ ಹೊಂದಿಸಲು ಚಿತ್ರವನ್ನು ಕುಗ್ಗಿಸಿರುತ್ತಾರೆ. ನಿಮ್ಮ ಪ್ರತಿಯಲ್ಲಿ ಅಡ್ಡಲಾಗಿ ಹತ್ತು ದೊಡ್ಡ ಚೌಕಗಳ ಉದ್ದವನ್ನು ಅದೇ ಸ್ಕೇಲಿನಿಂದ ಅಳೆಯಿರಿ. ಮೂಲ ಹಾಳೆಯಲ್ಲಿ ಅದು 50 ಮಿಲಿಮೀಟರ್ ಇರಬೇಕು. ನಿಮ್ಮ ಪ್ರತಿಯಲ್ಲಿ 41 ಅಥವಾ 42 ಇರಬಹುದು ಎಂದು ನನ್ನ ಊಹೆ. ಜೆರಾಕ್ಸಿನಲ್ಲಿ ಅಲೆ ಕುಗ್ಗಿದಷ್ಟೇ ಚೌಕವೂ ಕುಗ್ಗುತ್ತದೆ. ಆದ್ದರಿಂದ ಸ್ಕೇಲನ್ನು ಬದಿಗಿಟ್ಟು ಚೌಕಗಳನ್ನೇ ಎಣಿಸಿದರೆ ನಾಲ್ಕು ಚೌಕ ಮತ್ತು ಮೇಲೊಂದು ಎಳೆ ಬರುತ್ತದೆ. 168ಕ್ಕೆ ಅದು ಸಮೀಪದ ಅಳತೆ.

ನೇತ್ರಾವತಿಯವರ ಪ್ರಶ್ನೆಗೆ ಸಂಬಂಧಿಸಿದಂತೆ ಇನ್ನೊಂದು ದಾರಿ ನೆನಪಾಯಿತು. ಅಂಚಿನ ಸಾಲೂ ಇಲ್ಲ, ಕ್ಯಾಲಿಬ್ರೇಷನ್ ಗುರುತೂ ಇಲ್ಲ ಎಂದುಕೊಳ್ಳೋಣ. ಕೆಲವು ಹಾಳೆಗಳಲ್ಲಿ ಗೆರೆ ದಪ್ಪಗಾಗಿ, ಹತ್ತಿರದಿಂದ ನೋಡಿದರೆ ಗರಗಸದ ಹಲ್ಲಿನಂತೆ ಒಂದೇ ಸಮನಾದ ಸಣ್ಣ ಕಂಪನ ಕಾಣುತ್ತದೆ. ಅದು ಗೋಡೆಯ ಕರೆಂಟಿನ ಹಾವಳಿ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಕಂಪಿಸುತ್ತದೆ. ಹಾಳೆ 25ರ ವೇಗದಲ್ಲಿ ಓಡಿದ್ದರೆ ಒಂದು ಸಣ್ಣ ಚೌಕದೊಳಗೆ ಎರಡು ಹಲ್ಲುಗಳು ಬೀಳುತ್ತವೆ. 50ರಲ್ಲಿ ಓಡಿದ್ದರೆ ಒಂದೇ ಹಲ್ಲು ಬೀಳುತ್ತದೆ. ಮಸೂರ ಹಿಡಿದು ಒಂದು ದೊಡ್ಡ ಚೌಕದೊಳಗಿನ ಹಲ್ಲುಗಳನ್ನು ಎಣಿಸಿರಿ, ಹತ್ತು ಇದ್ದರೆ 25, ಐದು ಇದ್ದರೆ 50. ರೋಗಿಯ ಮೈ ನಡುಕ ಇಷ್ಟು ಸಮನಾಗಿರುವುದಿಲ್ಲ, ಆದ್ದರಿಂದ ಹಲ್ಲುಗಳು ಒಂದೇ ಅಳತೆಯಲ್ಲಿದ್ದಾಗ ಮಾತ್ರ ಈ ಲೆಕ್ಕವನ್ನು ನಂಬಬೇಕು. ಯಂತ್ರದ ಫಿಲ್ಟರ್ ಚಾಲೂ ಇದ್ದರೆ ಹಲ್ಲುಗಳೇ ಕಾಣದಿರಬಹುದು.

ಇಸಿಜಿ_ಕೋಣೆ

ಇಷ್ಟು ವರ್ಷ ಆ ಹಲ್ಲುಗಳನ್ನು ತೊಲಗಿಸುವುದಕ್ಕೇ ಒದ್ದಾಡಿದ ನನಗೆ ಅವುಗಳಿಂದ ವೇಗವನ್ನು ಓದಬಹುದೆಂದು ಹೊಳೆದಿರಲಿಲ್ಲ. ಕ್ಯಾಲಿಬ್ರೇಷನ್ ಗುರುತಿನ ಅಗಲದ ಬಗ್ಗೆ ನಿಮ್ಮ ಅಭಿಪ್ರಾಯವೇನು ಸರ್? ರೋಲರ್ ಸವೆದು ಕಾಗದ ಜಾರಿದರೂ ಅದರಿಂದ ಗೊತ್ತಾಗುತ್ತದೆ ಎಂದು ನಾನು ಹೇಳಿಕೊಡುತ್ತಾ ಬಂದಿದ್ದೇನೆ.

ಬಯೋಮೆಡಿಕಲ್_ಧಾರವಾಡ

ಅದು ಕಾಗದವನ್ನು ಅವಲಂಬಿಸಿದೆ ಮೇಡಂ. ಚೌಕಗಳು ಮೊದಲೇ ಅಚ್ಚಾಗಿರುವ ಕಾಗದದಲ್ಲಿ ನಿಮ್ಮ ಮಾತು ನಿಜ. ರೋಲರ್ ಜಾರಿ ಕಾಗದ ನಿಧಾನವಾಗಿ ಓಡಿದರೆ 0.20 ಸೆಕೆಂಡಿನ ಗುರುತು ಐದು ಚೌಕಕ್ಕಿಂತ ಕಿರಿದಾಗುತ್ತದೆ, ಎಲ್ಲ ಅಂತರಗಳೂ ಗಿಡ್ಡವಾಗಿ ಕಾಣುತ್ತವೆ, ಮಿಡಿತ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಆದರೆ ಖಾಲಿ ಥರ್ಮಲ್ ಕಾಗದದ ಮೇಲೆ ಚೌಕವನ್ನೂ ಅಲೆಯನ್ನೂ ಯಂತ್ರವೇ ಒಟ್ಟಿಗೆ ಬರೆಯುವುದಾದರೆ, ಕಾಗದ ಜಾರಿದಾಗ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಆಗ ಗುರುತು ಐದು ಚೌಕವೇ ಇರುತ್ತದೆ, ಎಣಿಕೆಯೂ ಸರಿಯಾಗಿಯೇ ಬರುತ್ತದೆ, ಆದರೆ ಚೌಕಗಳು ಅಡ್ಡಲಾಗಿ ಅದುಮಿದಂತೆ ಕಾಣುತ್ತವೆ. ಇನ್ನು ಗುಂಡಿ ಒತ್ತಿ ಗುರುತು ಹಾಕುವ ಹಳೆಯ ಯಂತ್ರಗಳಲ್ಲಿ, ಬೆರಳು ಗುಂಡಿಯ ಮೇಲೆ ಎಷ್ಟು ಹೊತ್ತು ಇರುತ್ತದೆಯೋ ಗುರುತು ಅಷ್ಟು ಅಗಲವಾಗುತ್ತದೆ. ಅಲ್ಲಿ ಎತ್ತರಕ್ಕೆ ಅರ್ಥವಿದೆ, ಅಗಲಕ್ಕೆ ಅರ್ಥವಿಲ್ಲ.

ತಂದೆಯ_ವರದಿ

ಹತ್ತು ದೊಡ್ಡ ಚೌಕಗಳು 41 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಬಂದವು. ಧನ್ಯವಾದಗಳು. ಮೂಲ ಹಾಳೆಯನ್ನೇ ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ.

ಬಯೋಮೆಡಿಕಲ್_ಧಾರವಾಡ

ಮೂಲ ಹಾಳೆ ಥರ್ಮಲ್ ಕಾಗದವಾಗಿದ್ದರೆ ಬಿಸಿಲಿಗೂ ಬಿಸಿಗೂ ಒಡ್ಡದೆ ಇಡಿರಿ, ಕೆಲವು ವರ್ಷಗಳಲ್ಲಿ ಅದು ಮಸುಕಾಗುತ್ತದೆ. ಜೆರಾಕ್ಸ್ ಪ್ರತಿಯೂ ಜೊತೆಗಿರಲಿ.

ಜರ್ಮನಿಯಿಂದ_ಕನ್ನಡತಿ

ನಾನು ಜರ್ಮನಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಇಲ್ಲಿ 50 ಮಿಲಿಮೀಟರ್ ವೇಗವೇ ರೂಢಿಯಲ್ಲಿದೆ. ಬಂದ ಹೊಸದರಲ್ಲಿ ಪ್ರತಿಯೊಂದು ಇಸಿಜಿಯೂ ಎಳೆದು ಹಿಗ್ಗಿಸಿದಂತೆ ಕಂಡು, ನೇತ್ರಾವತಿಯವರಂತೆಯೇ ನಾನೂ ಗಾಬರಿಯಾಗಿದ್ದೆ. ಇಲ್ಲಿಯವರು ಎಣಿಸುವಾಗ ಒಂದು ದೊಡ್ಡ ಚೌಕಕ್ಕೆ 0.10 ಸೆಕೆಂಡು ಹಿಡಿಯುತ್ತಾರೆ, ಮಿಡಿತಕ್ಕಾಗಿ 600ನ್ನು ದೊಡ್ಡ ಚೌಕಗಳ ಸಂಖ್ಯೆಯಿಂದ ಭಾಗಿಸುತ್ತಾರೆ.

ನೇತ್ರಾವತಿಯವರ ಹಾಳೆಯಲ್ಲಿ ತಪ್ಪು ಓದಿನಿಂದ ಇಲ್ಲದ ರೋಗ ಕಾಣಿಸಿತು. ಅದಕ್ಕೆ ಹಿಮ್ಮುಖವಾದ ತಪ್ಪು ಇರುವ ರೋಗವನ್ನು ಮುಚ್ಚಿಬಿಡುತ್ತದೆ, ನನಗೆ ಹೆಚ್ಚು ಭಯವಾಗುವುದು ಅದಕ್ಕೆ. 25ರಲ್ಲಿ ತೆಗೆದ ಹಾಳೆಯನ್ನು 50 ಎಂದು ಭಾವಿಸಿ ಓದಿದರೆ 0.16 ಸೆಕೆಂಡಿನ ಅಗಲವಾದ ಕ್ಯುಆರ್‌ಎಸ್ 0.08 ಎಂದು ಲೆಕ್ಕವಾಗುತ್ತದೆ, 0.28ರ ಪಿಆರ್ 0.14 ಆಗುತ್ತದೆ. ಎರಡೂ ಸಹಜ ಸಂಖ್ಯೆಗಳಾದ್ದರಿಂದ ಯಾರ ಹುಬ್ಬೂ ಏರುವುದಿಲ್ಲ. ಆಗ ಸುಳಿವು ಕೊಡುವುದು ಮಿಡಿತ ಒಂದೇ: ಮಲಗಿ ವಿಶ್ರಮಿಸುತ್ತಿರುವ ರೋಗಿಯ 65ರ ಮಿಡಿತ ಹಾಳೆಯಲ್ಲಿ 130 ಎಂದು ಲೆಕ್ಕವಾಗುತ್ತದೆ.

ನೇತ್ರಾವತಿ_ಜಿಎನ್‌ಎಂ

ಎಲ್ಲರಿಗೂ ಕೃತಜ್ಞತೆಗಳು. ನನಗಿನ್ನೂ ಒಂದು ತೊಡಕು ಉಳಿದಿದೆ. ಸಂಜೆಯ ಹಾಳೆಯಲ್ಲಿ ಕ್ಯುಆರ್‌ಎಸ್ ಸರಿಯಾಗಿ ಎರಡು ಚೌಕ ಎಂದು ಬರೆದೆ. ನಮ್ಮ ಸ್ಟಾಫ್ ಸಿಸ್ಟರ್ ಅದನ್ನು ಎರಡೂವರೆ ಎಂದರು. ಗೆರೆಯೇ ಅರ್ಧ ಚೌಕದಷ್ಟು ದಪ್ಪವಿದೆ. ಆರ್‌ನಿಂದ ಆರ್‌ಗೂ ಒಂದು ಕಡೆ 21, ಇನ್ನೊಂದು ಕಡೆ 20 ಬರುತ್ತದೆ. ಯಾವುದನ್ನು ಬರೆಯಬೇಕು?

ಇಸಿಜಿ_ಕೋಣೆ

ಕಣ್ಣಿನಿಂದ ಎಣಿಸುವಾಗ ಅರ್ಧ ಚೌಕಕ್ಕಿಂತ ಸೂಕ್ಷ್ಮವಾಗಿ ಅಳೆಯಲಾಗುವುದಿಲ್ಲ. 25ರ ವೇಗದಲ್ಲಿ ಅರ್ಧ ಚೌಕವೆಂದರೆ 0.02 ಸೆಕೆಂಡು. ಆದ್ದರಿಂದ ಕೈಯಿಂದ ಅಳೆದವರು 0.087 ಎಂದು ಬರೆದರೆ ನಾನು ನಂಬುವುದಿಲ್ಲ. 0.08 ಮತ್ತು 0.10 ಎರಡೂ ಸಹಜವೇ ಆಗಿರುವಾಗ ಆ ಅರ್ಧ ಚೌಕದ ಮೇಲೆ ಜಗಳ ಬೇಡ. ಎರಡೂವರೆಯೋ ಮೂರೋ ಎಂಬ ಅನುಮಾನ ಬಂದಾಗ ಮಾತ್ರ ಅದಕ್ಕೆ ಬೆಲೆ ಬರುತ್ತದೆ, ಏಕೆಂದರೆ ಮೂರು ಚೌಕ ಮುಟ್ಟಿದರೆ ಕ್ಯುಆರ್‌ಎಸ್ ಅಗಲವಾಗಿದೆ ಎಂದು ಹೇಳಬೇಕಾಗುತ್ತದೆ.

ಗೆರೆಯ ದಪ್ಪಕ್ಕೆ ಒಂದು ಉಪಾಯವಿದೆ. ಪಿಆರ್ ಅಳೆಯುವಾಗ ಪಿ ಅಲೆ ಏಳಲು ತೊಡಗುವ ಜಾಗದಲ್ಲಿ ಗೆರೆಯ ಎಡ ಅಂಚನ್ನು ಹಿಡಿಯಿರಿ, ಕ್ಯುಆರ್‌ಎಸ್ ತೊಡಗುವ ಜಾಗದಲ್ಲಿಯೂ ಎಡ ಅಂಚನ್ನೇ ಹಿಡಿಯಿರಿ. ಒಂದು ಕಡೆ ಎಡ ಅಂಚು, ಇನ್ನೊಂದು ಕಡೆ ಬಲ ಅಂಚು ಹಿಡಿದರೆ ಗೆರೆಯ ದಪ್ಪ ಅಳತೆಗೆ ಸೇರಿಕೊಳ್ಳುತ್ತದೆ. ಕ್ಯಾಲಿಪರ್ ಇಲ್ಲದಿದ್ದರೆ ಯಾವುದಾದರೂ ಬಿಳಿ ಕಾಗದದ ನೇರ ಅಂಚನ್ನು ಅಲೆಯ ಕೆಳಗೆ ಇಟ್ಟು, ಚೂಪಾದ ಪೆನ್ಸಿಲಿನಿಂದ ಆ ಎರಡು ಜಾಗಗಳಿಗೆ ಗುರುತು ಹಾಕಿರಿ. ನಂತರ ಆ ಕಾಗದವನ್ನು ಅಲೆ ಇಲ್ಲದ ಖಾಲಿ ಜಾಗಕ್ಕೆ ಸರಿಸಿ, ಮೊದಲ ಗುರುತನ್ನು ಒಂದು ದಪ್ಪ ಗೆರೆಗೆ ಕೂಡಿಸಿ ಎಣಿಸಿರಿ. ಅಲೆಯ ಮೇಲೆಯೇ ಎಣಿಸುವಾಗ ಕಣ್ಣು ಚೌಕವನ್ನು ತಪ್ಪಿಸುವುದು ಇದರಿಂದ ನಿಲ್ಲುತ್ತದೆ.

ಮಿಡಿತಕ್ಕಾದರೆ ಒಂದೇ ಅಂತರವನ್ನು ಅಳೆಯಬೇಡಿರಿ. ಮೊದಲ ಆರ್ ತುದಿಯಿಂದ ಆರನೆಯ ಆರ್ ತುದಿಯವರೆಗೆ ಒಟ್ಟಾಗಿ ಎಣಿಸಿರಿ, ಅದರಲ್ಲಿ ಐದು ಅಂತರಗಳಿರುತ್ತವೆ. ಉದಾಹರಣೆಗೆ ಒಟ್ಟು 104 ಚೌಕ ಬಂದರೆ ಒಂದಕ್ಕೆ 20.8, ಮಿಡಿತ 72. ಉಸಿರಾಟದೊಡನೆ ಅಂತರ ಸ್ವಲ್ಪ ಹಿಗ್ಗಿ ಕುಗ್ಗುವುದು ಸಹಜವಾದ್ದರಿಂದ 20 ಮತ್ತು 21 ಎರಡೂ ನಿಜವೇ ಇರಬಹುದು. ಅಂತರಗಳು ಲೆಕ್ಕಕ್ಕೇ ಸಿಗದಷ್ಟು ಅಡ್ಡಾದಿಡ್ಡಿಯಾಗಿದ್ದರೆ ಈ ಭಾಗಾಕಾರವನ್ನು ಬಿಟ್ಟು, 25ರ ವೇಗದ ಹಾಳೆಯಲ್ಲಿ 50 ದೊಡ್ಡ ಚೌಕಗಳೊಳಗೆ, ಅಂದರೆ ಹತ್ತು ಸೆಕೆಂಡುಗಳಲ್ಲಿ, ಎಷ್ಟು ಕ್ಯುಆರ್‌ಎಸ್ ಇವೆ ಎಂದು ಎಣಿಸಿ ಆರರಿಂದ ಗುಣಿಸಿರಿ.

ಶರಾವತಿ_ಆಂಬುಲೆನ್ಸ್

ಕ್ಯುಟಿಯನ್ನು ಮಿಡಿತಕ್ಕೆ ಹೊಂದಿಸಿ ತಿದ್ದುವಾಗ ವೇಗದ ತಪ್ಪು ತಾನಾಗಿಯೇ ಕಳೆದುಹೋಗುತ್ತದೆ ಅಲ್ಲವೇ ಮೇಡಂ? ಕ್ಯುಟಿಯೂ ಎರಡರಷ್ಟು, ಆರ್‌ನಿಂದ ಆರ್‌ಗೆ ಇರುವ ಅಂತರವೂ ಎರಡರಷ್ಟು. ಭಾಗಿಸಿದಾಗ ಸರಿಹೋಗಬೇಕು.

ಇಸಿಜಿ_ಕೋಣೆ

ಕಳೆದುಹೋಗುವುದಿಲ್ಲ ಸರ್, ಏಕೆಂದರೆ ನಾವು ಸಾಮಾನ್ಯವಾಗಿ ಬಳಸುವ ಸೂತ್ರದಲ್ಲಿ ಭಾಗಿಸುವುದು ಆ ಅಂತರದ ವರ್ಗಮೂಲದಿಂದ:

```
QTc = QT / √RR
0.38 / √0.80 = 0.42
0.76 / √1.60 = 0.60
```

ಎರಡನೆಯ ಸಾಲು ಅಮ್ಮನ ನಿಜವಾದ ಅಳತೆ. ಮೂರನೆಯದು ಅದೇ ಹಾಳೆಯನ್ನು 25 ಎಂದು ಓದಿದರೆ ಬರುವುದು. 0.60 ಎಂಬ ಸಂಖ್ಯೆಯನ್ನು ನಂಬಿ ಯಾರಾದರೂ ಅವರ ಔಷಧಿಯನ್ನು ನಿಲ್ಲಿಸಿಬಿಡಬಹುದಾಗಿತ್ತು.

ನೇತ್ರಾವತಿ_ಜಿಎನ್‌ಎಂ

ಮತ್ತೆ ತೆಗೆದ ಇಸಿಜಿ ಈಗ ಕೈಯಲ್ಲಿದೆ. ಯಂತ್ರದ ಮೆನುವಿನಲ್ಲಿ ವೇಗವನ್ನು 25ಕ್ಕೂ ಎತ್ತರವನ್ನು ಎಲ್ಲ ಲೀಡುಗಳಿಗೂ 10ಕ್ಕೂ ಬದಲಾಯಿಸಿದೆವು. ಮುದ್ರಣವಾದ ಗುರುತು 10 ಚೌಕ ಎತ್ತರ, 5 ಚೌಕ ಅಗಲ ಇದೆ. ಮೊದಲ ಆರ್‌ನಿಂದ ಆರನೆಯ ಆರ್‌ವರೆಗೆ 101 ಚೌಕ, ಅಂದರೆ ಮಿಡಿತ 74. ಕಾಗದದ ಅಂಚಿನ ಉಪಾಯದಿಂದ ಅಳೆದಾಗ ಪಿಆರ್ ನಾಲ್ಕು ಚೌಕ ಬಂತು. ವಿ5ರಲ್ಲಿ ಆರ್ ಮತ್ತೆ 24 ಚೌಕ ಇದೆ. ಎಸ್‌ಟಿ ಭಾಗ ನಿನ್ನೆಯಂತೆಯೇ ಇದೆ ಎಂದು ಡಾಕ್ಟರ್ ಹೇಳಿದರು. ರಕ್ತ ಪರೀಕ್ಷೆಯ ವರದಿಗಾಗಿ ಕಾಯುತ್ತಿದ್ದೇವೆ. ಆ ಯಂತ್ರವನ್ನು 50ಕ್ಕೆ ಇಟ್ಟವರು ಯಾರು, ಏಕೆ ಎಂಬುದು ಪಕ್ಕದ ವಾರ್ಡಿನಲ್ಲಿ ಯಾರಿಗೂ ಗೊತ್ತಿಲ್ಲ.

ಕ್ಯುಟಿ ಮಾತ್ರ ಮತ್ತೆ ಗೊಂದಲ ಕೊಡುತ್ತಿದೆ. ಎರಡನೆಯ ಲೀಡಿನಲ್ಲಿ ಒಂಬತ್ತೂವರೆ ಚೌಕ ಬಂದರೆ ವಿ3ರಲ್ಲಿ ಹತ್ತೂವರೆ ಬರುತ್ತಿದೆ. ಅಲ್ಲಿ ಟಿ ಅಲೆ ಇಳಿದ ಮೇಲೆ ಇನ್ನೊಂದು ಸಣ್ಣ ದಿಬ್ಬ ಎದ್ದಂತಿದೆ.

ಇಸಿಜಿ_ಕೋಣೆ

ಅದು ಯು ಅಲೆ ಇರಬಹುದು. ಟಿ ಅಲೆಯ ಇಳಿಜಾರು ಅತಿ ಕಡಿದಾಗಿರುವ ಜಾಗದಲ್ಲಿ ಒಂದು ನೇರ ಗೆರೆ ಎಳೆದು, ಅದು ಅಲೆಗಳ ನಡುವಿನ ಸಮತಲ ಗೆರೆಯನ್ನು ಮುಟ್ಟುವ ಜಾಗವನ್ನೇ ಕೊನೆ ಎಂದು ಹಿಡಿಯುವವರ ಪೈಕಿ ನಾನೂ ಒಬ್ಬಳು. ಆಗ ದಿಬ್ಬ ಹೊರಗುಳಿಯುತ್ತದೆ.

ಜರ್ಮನಿಯಿಂದ_ಕನ್ನಡತಿ

ನಮ್ಮ ವಾರ್ಡಿನ ಹಿರಿಯ ಡಾಕ್ಟರ್ ಅದನ್ನು ಒಪ್ಪುವುದಿಲ್ಲ. ದಿಬ್ಬ ಟಿ ಅಲೆಯೊಡನೆ ಬೆಸೆದುಕೊಂಡಿದ್ದರೆ ಅದನ್ನು ಬಿಟ್ಟು ಅಳೆಯುವುದರಿಂದ ನಿಜವಾಗಿ ಉದ್ದವಾಗಿರುವ ಕ್ಯುಟಿ ಕೈತಪ್ಪುತ್ತದೆ ಎನ್ನುತ್ತಾರೆ. ನೇತ್ರಾವತಿಯವರೇ, ಟಿ ಅಲೆ ಮತ್ತು ಆ ದಿಬ್ಬದ ನಡುವೆ ಗೆರೆ ಸಮತಲಕ್ಕೆ ಇಳಿದು ಮತ್ತೆ ಏಳುತ್ತದೆಯೇ, ಅಥವಾ ಇಳಿಯುವ ಮೊದಲೇ ಏಳುತ್ತದೆಯೇ? ವಿ3ರ ಆ ಭಾಗವನ್ನು ಕ್ಯಾಲಿಬ್ರೇಷನ್ ಗುರುತಿನೊಡನೆ ಒಂದೇ ಚಿತ್ರದಲ್ಲಿ ಬರುವಂತೆ, ಹಾಳೆಯ ನೇರ ಮೇಲಿನಿಂದ ತೆಗೆದು ಹಾಕಿರಿ. ರೋಗಿಯ ಹೆಸರು ಮತ್ತು ಸಂಖ್ಯೆಯನ್ನು ಕಾಗದದಿಂದ ಮುಚ್ಚಿರಿ.